ನಕ್ಷತ್ರಕಡ್ಡಿಗೂ ಒಂದು ಬಕೆಟ್ ನೀರು ಬೇಕು

ಹೋದ ದೀಪಾವಳಿಗೆ ಉಡುಪಿಯ ನಮ್ಮ ಮನೆ ಅಂಗಳದಲ್ಲಿ ಅಣ್ಣನ ಮಗಳು ಕಾಲು ಸುಟ್ಟುಕೊಂಡಳು. ಪಟಾಕಿಯಿಂದ ಅಲ್ಲ, ಆರಿದ ನಕ್ಷತ್ರಕಡ್ಡಿಯಿಂದ. ಯಾರೋ ತುಳಸಿಕಟ್ಟೆ ಹತ್ತಿರ ಎಸೆದಿದ್ದರು, ಅವಳು ಬರಿಗಾಲಲ್ಲಿ ತುಳಿದಳು. ಕಿಡಿ ನಿಂತರೂ ತಂತಿ ಕೆಲವು ನಿಮಿಷ ಸುಡುತ್ತಲೇ ಇರುತ್ತದೆ, ಕತ್ತಲಲ್ಲಿ ಕಾಣುವುದೂ ಇಲ್ಲ. ಕೂಡಲೇ ನಲ್ಲಿ ನೀರಿನ ಕೆಳಗೆ 20 ನಿಮಿಷ ಕಾಲು ಹಿಡಿದೆವು. ಟೂತ್‌ಪೇಸ್ಟ್, ಐಸ್ ಹಚ್ಚಲು ಬಿಡಲಿಲ್ಲ.

ಈಗ ಮಕ್ಕಳು ನಿಲ್ಲುವ ಜಾಗದಲ್ಲೇ ಅರ್ಧ ಬಕೆಟ್ ನೀರು ಇಡುತ್ತೇವೆ. ಕಡ್ಡಿ ಆರಿದ ತಕ್ಷಣ ಅದರೊಳಗೆ. ಒಬ್ಬರಿಗೆ ಒಂದೇ ಕಡ್ಡಿ, ಕೈ ಚಾಚಿ ಹಿಡಿಯಬೇಕು, ಕಾಲಿಗೆ ಚಪ್ಪಲಿ. ಐದು ವರ್ಷದೊಳಗಿನವರ ಕೈಗೆ ಕಡ್ಡಿಯೇ ಇಲ್ಲ. ಅಳುತ್ತಾರೆ, ಅಳಲಿ.

ಹೂಕುಂಡ ಹಚ್ಚುವುದು ದೊಡ್ಡವರೊಬ್ಬರೇ, ಉದ್ದದ ಊದುಬತ್ತಿಯಿಂದ, ಮುಖ ಪಕ್ಕಕ್ಕೆ ತಿರುಗಿಸಿ. ಮಕ್ಕಳು ಜಗಲಿಯಲ್ಲಿ, ಕಡಿಮೆಯೆಂದರೂ ಹತ್ತು ಹೆಜ್ಜೆ ದೂರ. ಪೊಟ್ಟಣದ ಮೇಲೆ ಇನ್ನೂ ಜಾಸ್ತಿ ಬರೆದಿದ್ದರೆ ಅಷ್ಟು. ಒಣ ಮಡಲು, ಅಡಿಕೆ ಸಿಪ್ಪೆ ರಾಶಿ ಹತ್ತಿರ ಬೇಡ.

ನಮ್ಮ ಕರಾವಳಿಯ ತೇವದ ಹವೆಗೆ ಕೆಲವು ಠುಸ್ ಆಗುತ್ತವೆ, ಅಲ್ವಾ? ಬಗ್ಗಿ ನೋಡಬೇಡಿ, ಇನ್ನೊಮ್ಮೆ ಹಚ್ಚಲೂ ಬೇಡಿ. ಬತ್ತಿ ಒಳಗೊಳಗೇ ಉರಿಯುತ್ತಿರಬಹುದು. ಅರ್ಧ ಗಂಟೆ ಬಿಟ್ಟು, ದೂರದಿಂದ ನೀರು ಸುರಿದು, ಆಮೇಲೆ ಇಡೀ ರಾತ್ರಿ ಬಕೆಟ್‌ನಲ್ಲಿ ನೆನೆಹಾಕಿ. ಬೆಳಿಗ್ಗೆ ಮಕ್ಕಳು ಏಳುವ ಮೊದಲೇ ಅಂಗಳ ಗುಡಿಸಿಬಿಡಿ. ಠುಸ್ ಪಟಾಕಿ ಹೆಕ್ಕಲು ಅವರು ಬಂದೇ ಬರುತ್ತಾರೆ.