ರಾತ್ರಿ ಹೊತ್ತು ಬಲ್ಬು, ಟಿವಿ ಸುಡುತ್ತಿವೆಯೇ? ಮೊದಲು ವೋಲ್ಟೇಜ್ ಅಳೆಯಿರಿ

ಮಲಗುವಾಗ ಸರಿಯಿದ್ದ ಸೆಟ್ ಟಾಪ್ ಬಾಕ್ಸ್ ಬೆಳಿಗ್ಗೆ ಆನ್ ಆಗುವುದಿಲ್ಲ. ಎಲ್‌ಇಡಿ ಬಲ್ಬು ತಿಂಗಳಿಗೊಂದು ಹೋಗುತ್ತದೆ. ಹೆಚ್ಚಿನವರು ಬಲ್ಬಿನ ಕಂಪನಿಯನ್ನು ಬೈದು ಸುಮ್ಮನಾಗುತ್ತಾರೆ, ಇಲ್ಲವೇ ಸೀದಾ ಹೋಗಿ ಸ್ಟೆಬಿಲೈಸರ್ ತರುತ್ತಾರೆ. ಅಳೆದು ನೋಡುವವರು ಕಡಿಮೆ. ಅಳೆದರೂ ಹಗಲು ಹೊತ್ತಿನಲ್ಲಿ ಅಳೆಯುತ್ತಾರೆ!

ನಮ್ಮ ಮನೆಗೆ ಬರಬೇಕಾದದ್ದು 230 ವೋಲ್ಟ್. ಆದರೆ ಬೀದಿಯ ಟ್ರಾನ್ಸ್‌ಫಾರ್ಮರ್, ಅಂದರೆ ಟಿಸಿ ಮೇಲೆ ಬರೆದಿರುವುದು 433. ಅದು ಲೋಡ್ ಇಲ್ಲದಾಗ ಎರಡು ಫೇಸ್‌ಗಳ ನಡುವೆ ಸಿಗುವ ವೋಲ್ಟೇಜ್. ಒಂದು ಫೇಸ್‌ನ ಲೆಕ್ಕದಲ್ಲಿ 250. ಪಂಪ್‌ಸೆಟ್, ಹಿಟ್ಟಿನ ಗಿರಣಿ ಓಡುವಾಗ ಲೈನಿನಲ್ಲೇ ಒಂದಷ್ಟು ವೋಲ್ಟೇಜ್ ಇಳಿದು ಹೋಗುತ್ತದೆ, ಹಾಗಾಗಿ ಮನೆಗೆ ಹದವಾಗಿ ಬರುತ್ತದೆ. ಅವೆಲ್ಲ ನಿಂತ ರಾತ್ರಿಯಲ್ಲಿ ಈ ಇಳಿತ ಇರುವುದಿಲ್ಲ. ಅದರ ಜೊತೆಗೆ ಟಿಸಿಗೆ ಬರುವ 11 ಸಾವಿರ ವೋಲ್ಟಿನ ಲೈನ್ 11,600ಕ್ಕೆ ಏರಿದರೆ ಟಿಸಿ ಹತ್ತಿರದ ಮನೆಗೆ 263 ವೋಲ್ಟ್ ಬರುತ್ತದೆ.

ಮೊದಲಿಗೆ ಒಂದು ಮಲ್ಟಿಮೀಟರ್ ಬೇಕು. ಎಸಿ ವೋಲ್ಟ್‌ಗೆ, 600 ಅಥವಾ 750ರ ರೇಂಜಿಗೆ ತಿರುಗಿಸಿ. ಟೆಸ್ಟರ್‌ನಿಂದ ಈ ಕೆಲಸ ಆಗುವುದಿಲ್ಲ. ಅದು 180ಕ್ಕೂ ಉರಿಯುತ್ತದೆ, 280ಕ್ಕೂ ಉರಿಯುತ್ತದೆ. ಅಗ್ಗದ ಮೀಟರುಗಳಲ್ಲಿ ಬ್ಯಾಟರಿ ಇಳಿದಾಗ ರೀಡಿಂಗ್ ಜಾಸ್ತಿ ತೋರಿಸುವ ಚಾಳಿ ಇದೆ. ಹೊಸ ಬ್ಯಾಟರಿ ಹಾಕಿಯೇ ಶುರು ಮಾಡಿ. ಇನ್ವರ್ಟರ್ ಅಥವಾ ಸ್ಟೆಬಿಲೈಸರ್ ದಾಟಿ ಬಂದ ಸಾಕೆಟ್‌ನಲ್ಲಿ ಅಳೆಯಬೇಡಿ, ಅಲ್ಲಿ ಸಿಗುವುದು ಲೈನಿನ ವೋಲ್ಟೇಜ್ ಅಲ್ಲ.

ಸಂಜೆ ಏಳು, ರಾತ್ರಿ ಹತ್ತೂವರೆ, ಒಂದು, ನಾಲ್ಕೂವರೆ, ಬೆಳಿಗ್ಗೆ ಆರೂವರೆ. ಪ್ರತಿ ಸಲವೂ ಗಂಟೆ, ರೀಡಿಂಗ್ ಬರೆದಿಡಿ. ಎದ್ದು ಕೂರಲಾಗದವರು ಗರಿಷ್ಠ ರೀಡಿಂಗ್ ನೆನಪಿಟ್ಟುಕೊಳ್ಳುವ ಪ್ಲಗ್-ಇನ್ ವೋಲ್ಟ್‌ಮೀಟರ್ ತಂದರೆ ಸಾಕು.

ಟಿಸಿಯಿಂದ ಎರಡನೇ ಕಂಬದ ಮನೆ ಎಂದುಕೊಳ್ಳಿ. ರೀಡಿಂಗ್ ಹೀಗಿರಬಹುದು: 224, 247, 263, 265, 238. ಇಲ್ಲಿಗೇ ‘ಓವರ್ ವೋಲ್ಟೇಜ್’ ಎಂದು ಬರೆದುಬಿಟ್ಟರೆ ಅರ್ಧ ಕೆಲಸವಷ್ಟೇ. ನ್ಯೂಟ್ರಲ್ ವೈರ್ ಸಡಿಲವಾಗಿದ್ದರೂ ಇಷ್ಟೇ ರೀಡಿಂಗ್ ಬರಬಹುದು, ಮತ್ತು ಅದು ಇದಕ್ಕಿಂತ ಅಪಾಯ. ಎರಡನ್ನೂ ಬೇರೆ ಮಾಡುವ ಈ ಹಂತದಲ್ಲೇ ಜನ ಎಡವುವುದು.

ರಾತ್ರಿ ಒಂದಕ್ಕೆ ಮೀಟರ್ ಸಾಕೆಟ್‌ನಲ್ಲಿರುವಾಗಲೇ 2,000 ವಾಟ್‌ನ ಗೀಸರ್ ಆನ್ ಮಾಡಿ. 263 ಇದ್ದದ್ದು 260ಕ್ಕೆ ಇಳಿದು ಅಲ್ಲೇ ನಿಂತರೆ ಲೈನ್ ಗಟ್ಟಿಯಾಗಿದೆ, ವೋಲ್ಟೇಜೇ ಹೆಚ್ಚಿದೆ. ಇಪ್ಪತ್ತು, ಮೂವತ್ತು ವೋಲ್ಟ್ ಕುಸಿದರೆ, ಅಥವಾ ಪಕ್ಕದ ಮನೆಯವರು ಏನೋ ಆನ್ ಮಾಡಿದಾಗ ನಿಮ್ಮ ಬಲ್ಬು ದಿಢೀರನೆ ಹೊಳೆದರೆ, ಎಲ್ಲೋ ಜಾಯಿಂಟ್ ಸಡಿಲ, ಹೆಚ್ಚಿನ ಅನುಮಾನ ನ್ಯೂಟ್ರಲ್ ಮೇಲೆ. ಆಗ ಮೇನ್ ಆಫ್ ಮಾಡಿ ಲೈನ್‌ಮನ್ ಕರೆಯಿರಿ. ಬೆಳಗಾಗಲಿ ಎಂದು ಕಾಯಬೇಡಿ.

ಇನ್ನೊಂದು ಪರೀಕ್ಷೆಗೆ ನೆರೆಹೊರೆ ಬೇಕು. ಬೇರೆ ಫೇಸ್‌ನ ಎರಡು ಮನೆಗಳಲ್ಲಿ ಅದೇ ಹೊತ್ತಿಗೆ ಅಳೆಯಿಸಿ. ಅಲ್ಲೂ 261, 264 ಬಂದರೆ ಮೂರೂ ಫೇಸ್ ಒಟ್ಟಿಗೆ ಏರಿವೆ ಎಂದರ್ಥ. ಒಬ್ಬರಿಗೆ 290, ಇನ್ನೊಬ್ಬರಿಗೆ 170 ಬಂದರೆ ಅದು ನ್ಯೂಟ್ರಲ್ ಕೆಟ್ಟದ್ದೇ. ಎರಡು ಫೇಸ್‌ಗಳ ನಡುವೆ ಅಳೆಯುವ ಸಾಹಸ ಮಾತ್ರ ನೀವು ಮಾಡಬೇಡಿ. ಅದು ಲೈನ್‌ಮನ್ ಕೆಲಸ.

ಸತ್ತ ಅಡಾಪ್ಟರೂ ಸಾಕ್ಷಿ ಹೇಳುತ್ತದೆ. ಪ್ಲಗ್ ಕಿತ್ತು ಬಹಳ ಹೊತ್ತಾದ ಮೇಲೆ ರಿಪೇರಿಯವರಿಂದ ಬಿಚ್ಚಿಸಿ ನೋಡಿ. ಒಳಗೊಂದು ಡಬ್ಬಿಯಂಥ ಕೆಪಾಸಿಟರ್ ಇರುತ್ತದೆ, ಅದರ ಮೈಮೇಲೆ ಸಾಮಾನ್ಯವಾಗಿ 400 ವೋಲ್ಟ್ ಎಂದಿರುತ್ತದೆ. 263 ವೋಲ್ಟ್ ಬರುವಾಗ ಅದು ತಾಳಬೇಕಾದದ್ದು ಎಸಿ ಅಲೆಯ ತುದಿಯನ್ನು, ಅಂದರೆ ರೀಡಿಂಗಿನ 1.414 ಪಟ್ಟು, ಸುಮಾರು 372. 283 ಆದರೆ ಪೂರ್ತಿ 400. ತಲೆ ಉಬ್ಬಿದ್ದರೆ ವೋಲ್ಟೇಜ್ ಮೇಲೆ ಅನುಮಾನ ಪಡಬಹುದು, ಆದರೆ ಕಳಪೆ ಮಾಲು ಬರೀ ಬಿಸಿಗೂ ಉಬ್ಬುತ್ತದೆ. ಹಾಗಾಗಿ ಬರೆದಿಟ್ಟ ರೀಡಿಂಗೇ ಮುಖ್ಯ.

ಅಂದಹಾಗೆ, ‘ಸ್ಪೈಕ್ ಗಾರ್ಡ್’ ಎಂದು ಮಾರುವ ಎಕ್ಸ್‌ಟೆನ್ಶನ್ ಬೋರ್ಡ್ ಇದಕ್ಕೆ ಉಪಯೋಗವಿಲ್ಲ. ಅದು ಕ್ಷಣದ ಏಟಿಗೆ, ರಾತ್ರಿಯಿಡೀ ನಿಲ್ಲುವ 265ಕ್ಕಲ್ಲ. ಸ್ಟೆಬಿಲೈಸರ್ ಕೊಳ್ಳುವುದಾದರೂ 290ರವರೆಗೆ ತೆಗೆದುಕೊಂಡು ಇಳಿಸಿ ಕೊಡುವುದನ್ನೇ ಕೇಳಿ. ಬರೀ ಲೋ ವೋಲ್ಟೇಜ್ ಎತ್ತುವ ಹಳೆ ಡಬ್ಬಿ ಬೇಡ. ನನ್ನ ಪ್ರಕಾರ ಫ್ರಿಜ್‌ಗೆ ಸ್ಟೆಬಿಲೈಸರ್‌ಗಿಂತ ಮೊದಲು, ಹೆಚ್ಚಾದಾಗ ಕಟ್ ಮಾಡಿ ಮೂರು ನಿಮಿಷ ಬಿಟ್ಟು ಮತ್ತೆ ಕೊಡುವ ಪ್ರೊಟೆಕ್ಟರ್ ಹಾಕಿಸಿ. ಟಿವಿ, ಸೆಟ್ ಟಾಪ್ ಬಾಕ್ಸ್ ಪ್ಲಗ್ ಮಾತ್ರ ರಾತ್ರಿ ಕಿತ್ತುಬಿಡಿ.

ದೂರು ಕೊಡುವಾಗ 1912ಕ್ಕೆ ಫೋನ್ ಮಾಡಿ ದೂರಿನ ನಂಬರ್ ತೆಗೆದುಕೊಳ್ಳಿ. ರೀಡಿಂಗ್ ಪಟ್ಟಿ, ಮೂರು ಮನೆಗಳ ಫೇಸ್ ವಿವರ ಬರೆದು ಸೆಕ್ಷನ್ ಆಫೀಸಿಗೆ ಕೊಡಿ. ‘ಬಲ್ಬು ಸುಟ್ಟುಹೋಗುತ್ತಿದೆ’ ಎಂದಷ್ಟೇ ಬರೆದರೆ ಹಗಲು ಬಂದು 228 ನೋಡಿ ಹೋಗುತ್ತಾರೆ. ಟಿಸಿಯಲ್ಲಿ ವೋಲ್ಟೇಜ್ ಏರಿಳಿಸುವ ಟ್ಯಾಪ್ ಇದ್ದರೆ ಸಪ್ಲೈ ಕಟ್ ಮಾಡಿ ಒಂದು ಮೆಟ್ಟಿಲು ಬದಲಿಸಬಹುದು, ಸುಮಾರು ಆರು ವೋಲ್ಟ್ ಇಳಿಯುತ್ತದೆ. ಸಣ್ಣ ಟಿಸಿಗಳಲ್ಲಿ ಎಷ್ಟೋ ಸಲ ಟ್ಯಾಪೇ ಇರುವುದಿಲ್ಲ. ಆಗ ಸಬ್‌ಸ್ಟೇಷನ್‌ನಲ್ಲೇ ಇಳಿಸಬೇಕು. ಟ್ಯಾಪ್ ಬದಲಿಸಿದ ರಾತ್ರಿ ಒಂದಕ್ಕೆ ಮತ್ತೆ ಅಳೆಯಿರಿ. ಪಂಪ್‌ಸೆಟ್ ಓಡುವ ಹಗಲಿನಲ್ಲೂ ಒಮ್ಮೆ ಅಳೆಯಿರಿ, ಕೊನೆ ಕಂಬದ ಮನೆಗೆ 216ಕ್ಕಿಂತ ಕೆಳಗೆ ಹೋಗಬಾರದು.