ಕಳುಹಿಸಿದ ಈಥರ್ ವ್ಯಾಲೆಟ್‌ನಲ್ಲಿ ಕಾಣದಿದ್ದರೆ ಮೊದಲು ಜಾಲವನ್ನು ನೋಡಿ

ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಿಂದಲೇ ವೆಬ್‌ಸೈಟ್ ರೂಪಿಸಿಕೊಡುವ ಯುವತಿಯೊಬ್ಬರಿಗೆ ಗ್ರಾಹಕರು ಈಥೀರಿಯಂ ಜಾಲದ ಡಿಜಿಟಲ್ ಹಣವಾದ ಈಥರ್ 0.2ರಷ್ಟು ಕಳುಹಿಸಿರುವುದಾಗಿ ತಿಳಿಸಿ, ವ್ಯವಹಾರದ ಕೊಂಡಿಯನ್ನೂ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳೋಣ. ಕೊಂಡಿ ತೆರೆದರೆ Success ಎಂದು ಹಸಿರು ಬಣ್ಣದಲ್ಲಿ ಕಾಣುತ್ತದೆ, ಸ್ವೀಕರಿಸುವವರ ವಿಳಾಸವೂ ಆ ಯುವತಿಯದೇ ಆಗಿರುತ್ತದೆ. ಆದರೂ ವ್ಯಾಲೆಟ್ ಸೊನ್ನೆ ತೋರಿಸುತ್ತಿದೆ.

ಮೊದಲು ಆ ಕೊಂಡಿಯ ಆರಂಭವನ್ನು ಗಮನಿಸಬೇಕು. ಅದು sepolia.etherscan.io ಎಂದಿದ್ದರೆ, ಹಣ ಹೋಗಿರುವುದು ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ. ಇದು ತಂತ್ರಾಂಶ ಬರೆಯುವವರು ತಮ್ಮ ಕೆಲಸವನ್ನು ಪರೀಕ್ಷಿಸಲು ಬಳಸುವ ಜಾಲ. ಇಲ್ಲಿನ ಈಥರ್ ಉಚಿತವಾಗಿ ದೊರೆಯುತ್ತದೆ, ಅದಕ್ಕೆ ಮಾರುಕಟ್ಟೆ ಬೆಲೆಯೆಂದು ಕಟ್ಟಲಾಗದು.

ಖಚಿತಪಡಿಸಿಕೊಳ್ಳಲು, 0x ಎಂದು ಆರಂಭವಾಗುವ 66 ಅಕ್ಷರಗಳ ವ್ಯವಹಾರ ಸಂಖ್ಯೆಯನ್ನು ನಕಲಿಸಿ, ನಿಜವಾದ ಈಥರ್ ಓಡಾಡುವ ಮುಖ್ಯ ಜಾಲದ ದಾಖಲೆ ತೋರಿಸುವ etherscan.io ತಾಣದಲ್ಲಿ ಹುಡುಕಬೇಕು. ಅಲ್ಲಿ ಸಿಗದೆ ಸೆಪೋಲಿಯಾ ತಾಣದಲ್ಲಿ ಮಾತ್ರ ಸಿಕ್ಕರೆ ಅನುಮಾನಕ್ಕೆ ಎಡೆಯಿಲ್ಲ. ಅನಂತರ ಮೆಟಾಮಾಸ್ಕ್ ಎಂಬ ವ್ಯಾಲೆಟ್‌ನ ಜಾಲಗಳ ಪಟ್ಟಿಯಲ್ಲಿ ಪರೀಕ್ಷಾ ಜಾಲಗಳನ್ನು ತೋರಿಸುವ ಆಯ್ಕೆಯನ್ನು ತೆರೆದು ಸೆಪೋಲಿಯಾವನ್ನು ಆರಿಸಿದರೆ, ಆ 0.2 ಅಲ್ಲಿಯೇ ಕಾಣುತ್ತದೆ.

ವಿಳಾಸ ಒಂದೇ ಆಗಿದ್ದೂ ಹೀಗೇಕೆ ಎಂಬುದನ್ನು ಅರ್ಥಮಾಡಿಕೊಳ್ಳುವುದು ಮುಖ್ಯ. ಈಥೀರಿಯಂ ವಿಳಾಸವು ನಮ್ಮ ಗುಪ್ತ ಕೀಲಿಯಿಂದ ಹುಟ್ಟುತ್ತದೆ, ಯಾವ ಜಾಲದ್ದೆಂಬ ಗುರುತು ಅದರಲ್ಲಿ ಇರುವುದಿಲ್ಲ. ಕುವೆಂಪುನಗರದಲ್ಲೊಂದು, ವಿಜಯನಗರದಲ್ಲೊಂದು ಮನೆಗೆ ಒಂದೇ ಬಾಗಿಲ ಸಂಖ್ಯೆಯಿದ್ದು, ಎರಡಕ್ಕೂ ಒಂದೇ ಬೀಗದ ಕೈ ಇದ್ದಂತೆ ಇದು; ಒಂದು ಮನೆಯಲ್ಲಿ ಇಟ್ಟದ್ದು ಇನ್ನೊಂದರಲ್ಲಿ ಸಿಗುವುದಿಲ್ಲ. ಜಾಲಗಳನ್ನು ಬೇರ್ಪಡಿಸುವುದು ಅವುಗಳ ಸರಪಳಿ ಸಂಖ್ಯೆ: ಮುಖ್ಯ ಜಾಲದ್ದು 1, ಸೆಪೋಲಿಯಾದ್ದು 11155111. ಕಳುಹಿಸುವವರ ಸಹಿಯಲ್ಲಿಯೇ ಈ ಸಂಖ್ಯೆ ಸೇರಿರುವುದರಿಂದ, ಒಂದು ಜಾಲದ ವ್ಯವಹಾರವನ್ನು ಇನ್ನೊಂದಕ್ಕೆ ಒಯ್ದು ನಡೆಸಲು ಬರುವುದಿಲ್ಲ. ಬಿಟ್‌ಕಾಯಿನ್‌ನಲ್ಲಿ ಈ ಗೊಂದಲ ಕಡಿಮೆ. ಅಲ್ಲಿ ಈಗಿನ ಮಾದರಿಯ ವಿಳಾಸ ಪರೀಕ್ಷಾ ಜಾಲದಲ್ಲಿ tb1 ಎಂದೂ ಮುಖ್ಯ ಜಾಲದಲ್ಲಿ bc1 ಎಂದೂ ಆರಂಭವಾಗುವುದರಿಂದ, ವ್ಯಾಲೆಟ್ ತಪ್ಪು ವಿಳಾಸವನ್ನು ಒಪ್ಪುವುದೇ ಇಲ್ಲ.

ಇಂಥ ಡಿಜಿಟಲ್ ಹಣವನ್ನು ಕೊಂಡು ಮಾರುವ ವಿನಿಮಯ ಕೇಂದ್ರವೊಂದು ಕೊಟ್ಟ ಠೇವಣಿ ವಿಳಾಸಕ್ಕೆ ಪರೀಕ್ಷಾ ಈಥರ್ ಹೋಗಿದ್ದರೆ, ಅದನ್ನು ಬಳಸುವುದೂ ನಮ್ಮ ಕೈಯಲ್ಲಿಲ್ಲ, ಏಕೆಂದರೆ ಆ ವಿಳಾಸದ ಕೀಲಿ ಕೇಂದ್ರದ ಬಳಿ ಇರುತ್ತದೆ.

ಈ ಹಂತದಲ್ಲಿ ಅತಿ ಹೆಚ್ಚು ಎಚ್ಚರ ಬೇಕು. ‘ಶುಲ್ಕ ಕಟ್ಟಿದರೆ ಇದನ್ನು ನಿಜವಾದ ಈಥರ್ ಆಗಿ ಬದಲಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ, ಅಥವಾ ವ್ಯಾಲೆಟ್‌ನ 12 ಪದಗಳ ರಹಸ್ಯ ವಾಕ್ಯವನ್ನು ಕೇಳಿದರೆ, ಅದು ವಂಚನೆಯೇ. ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ನಮ್ಮ ಉದಾಹರಣೆಯ ಯುವತಿಗೆ ಸಂಭಾವನೆ ಇನ್ನೂ ಬಂದಿಲ್ಲ ಎಂದೇ ಲೆಕ್ಕ. ಗ್ರಾಹಕರು ಕೈತಪ್ಪಿನಿಂದ ಹೀಗೆ ಮಾಡಿರಬಹುದು, ಬೇಕೆಂದೇ ಮಾಡಿರಲೂಬಹುದು. ಆದ್ದರಿಂದ ಮುಖ್ಯ ಜಾಲದಲ್ಲಿ ಮೊದಲು 0.01 ಈಥರ್ ಮಾತ್ರ ಕಳುಹಿಸುವಂತೆ ಯುವತಿ ಅವರನ್ನು ಕೇಳಿ, ಅದು etherscan.io ತಾಣದಲ್ಲಿಯೂ ತಮ್ಮ ವ್ಯಾಲೆಟ್‌ನಲ್ಲಿಯೂ ಕಂಡ ಮೇಲೆ ಉಳಿದ 0.19 ಪಡೆದು, ಅನಂತರವೇ ವೆಬ್‌ಸೈಟ್‌ನ ಕಡತಗಳನ್ನು ಒಪ್ಪಿಸುವುದು ಸರಿ.