ಗ್ಯಾರೇಜಿಗೆ ಹೋಗುವ ಮೊದಲು ಬರೆದ ಅರ್ಧ ಪುಟ

ನನ್ನದು ಹಳೇ ಕಾರ್ಬೊರೇಟರ್ ಸ್ಕೂಟರ್. ದಿನಾ ಮೈಸೂರಿನಿಂದ ನಂಜನಗೂಡಿಗೆ ಅದರಲ್ಲೇ ಹೋಗಿಬರುತ್ತೇನೆ. ಕಳೆದ ವರ್ಷ ಅದು ದಾರಿ ಮಧ್ಯೆ ನಿಲ್ಲೋದಕ್ಕೆ ಶುರುವಾಯಿತು. ಹತ್ತು ನಿಮಿಷ ಬಿಟ್ಟು ಕಿಕ್ ಹೊಡೆದರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು.

ಮೊದಲ ಸಲ ಗ್ಯಾರೇಜಿನಲ್ಲಿ "ಗಾಡಿ ಮಧ್ಯೆ ಮಧ್ಯೆ ಆಫ್ ಆಗುತ್ತೆ ಅಣ್ಣ" ಅಂದೆ, ಅಷ್ಟೇ. ಅವರು ಓಡಿಸಿ ನೋಡಿದಾಗ ಚೆನ್ನಾಗೇ ಓಡಿತು. ಪ್ಲಗ್ ಬದಲಾಯಿಸಿ, ಕಾರ್ಬೊರೇಟರ್ ಕ್ಲೀನ್ ಮಾಡಿಕೊಟ್ಟರು. ನಾಲ್ಕನೇ ದಿನ ಮತ್ತೆ ನಿಂತಿತು. ಅವರದ್ದು ತಪ್ಪಲ್ಲ. ಬಂದು ಹೋಗುವ ತೊಂದರೆಯನ್ನು ಕಣ್ಣಾರೆ ಕಂಡವನು ನಾನೊಬ್ಬನೇ, ಕಂಡದ್ದನ್ನು ನಾನು ಸರಿಯಾಗಿ ಹೇಳಿರಲಿಲ್ಲ.

ಆಮೇಲೆ ಡಿಕ್ಕಿಯಲ್ಲಿ ಒಂದು ಚಿಕ್ಕ ನೋಟ್‌ಬುಕ್ ಇಟ್ಟೆ. ಗಾಡಿ ನಿಂತ ಜಾಗದಲ್ಲೇ ಬರೆಯುವುದು. ಸಂಜೆ ಮನೆಗೆ ಹೋಗಿ ಬರೆಯೋಣ ಅಂದುಕೊಂಡರೆ ಅರ್ಧ ಮರೆತಿರುತ್ತದೆ, ಉಳಿದದ್ದಕ್ಕೆ ನಮ್ಮ ಊಹೆ ಸೇರಿಕೊಂಡಿರುತ್ತದೆ. ಮೊದಲ ಎರಡು ನಮೂದು ಹೀಗಿದ್ದವು:

"ಸೋಮವಾರ, ಬೆಳಿಗ್ಗೆ 8.50. ಹೊರಟು 20 ನಿಮಿಷ. ಬಿಸಿಲಿಲ್ಲ. ನಿನ್ನೆ ಸಂಜೆ ಫುಲ್ ಟ್ಯಾಂಕ್. ಒಮ್ಮೆಲೇ ಆಫ್ ಆಗಲಿಲ್ಲ. ಪೆಟ್ರೋಲ್ ಖಾಲಿಯಾದಾಗ ಆಗುವ ಹಾಗೆ ಎಳೆತ ಕಡಿಮೆಯಾಗಿ, ಎರಡು ಸಲ ಮುಗ್ಗರಿಸಿ ನಿಂತಿತು. ಎಂಟು ಕಿಕ್, ಸ್ಟಾರ್ಟ್ ಇಲ್ಲ. 10 ನಿಮಿಷ ಬಿಟ್ಟು ಒಂದೇ ಕಿಕ್."

"ಶುಕ್ರವಾರ. ಅರ್ಧ ಟ್ಯಾಂಕ್. ಮಧ್ಯಾಹ್ನದ ಬಿಸಿಲು. ಹೋಗಿ ಬರುವಾಗ ಎಲ್ಲೂ ನಿಲ್ಲಲಿಲ್ಲ."

ಏನೂ ಆಗದ ದಿನವನ್ನೂ ಬರೆದದ್ದು ಒಳ್ಳೆಯದಾಯಿತು. ಎಲ್ಲರೂ "ಕಾಯಿಲ್ ಬಿಸಿ ಆಗಿ ಆಫ್ ಆಗ್ತಿದೆ" ಅನ್ನುತ್ತಿದ್ದರು. ನನಗೂ ಹಾಗೇ ಅನ್ನಿಸಿತ್ತು. ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹಾಳಾಗುತ್ತಾ ಬಂದರೂ ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ. ಆದರೆ ಹಾಗಿದ್ದರೆ ಮಧ್ಯಾಹ್ನದ ಬಿಸಿಲಲ್ಲೇ ಜಾಸ್ತಿ ನಿಲ್ಲಬೇಕಿತ್ತು, ಅಲ್ವಾ? ಮೂರು ವಾರದ ಪುಟ ನೋಡಿದರೆ, ನಿಂತದ್ದೆಲ್ಲ ಟ್ಯಾಂಕ್ ತುಂಬಿಸಿದ ಒಂದೆರಡು ದಿನದೊಳಗೆ.

ಟ್ಯಾಂಕಿನ ಮುಚ್ಚಳದಲ್ಲಿ ಗಾಳಿ ಒಳಗೆ ಹೋಗಲು ಸಣ್ಣ ದಾರಿ ಇರುತ್ತದೆ. ಅದು ಕಟ್ಟಿಕೊಂಡರೆ, ಪೆಟ್ರೋಲ್ ಇಳಿದಷ್ಟೂ ಗಾಳಿ ಬಂದು ಜಾಗ ತುಂಬುವುದಿಲ್ಲ. ಒಳಗೆ ಒತ್ತಡ ಕಡಿಮೆಯಾಗಿ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ತುಂಬಿದ ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆ, ಹಾಗಾಗಿ ಇದು ಬೇಗ ಆಗುತ್ತದೆ. ದಾರಿ ಪೂರ್ತಿ ಮುಚ್ಚಿರದಿದ್ದರೆ ಸ್ವಲ್ಪ ಹೊತ್ತಿನಲ್ಲಿ ಗಾಳಿ ಒಳಗೆ ಸೇರಿಕೊಂಡು ಗಾಡಿ ಮತ್ತೆ ಸ್ಟಾರ್ಟ್ ಆಗುತ್ತದೆ. ನೋಡುವವರಿಗೆ ಇದೂ ತಣ್ಣಗಾಗಿ ಸ್ಟಾರ್ಟ್ ಆದ ಹಾಗೇ ಕಾಣುತ್ತದೆ.

ಮುಂದಿನ ಸಲ ನಿಂತಾಗ ಕಾಯಲಿಲ್ಲ. ಕೀ ಆಫ್ ಮಾಡಿ, ಸೀಟ್ ಎತ್ತಿ ಮುಚ್ಚಳ ತಿರುಗಿಸಿದೆ. ಉಸ್ ಅಂತ ಗಾಳಿ ಎಳೆದುಕೊಂಡ ಶಬ್ದ ಕೇಳಿತು. ಮುಚ್ಚಿ ಕಿಕ್ ಹೊಡೆದೆ, ಎರಡನೇ ಕಿಕ್ಕಿಗೆ ಸ್ಟಾರ್ಟ್. ಆದರೂ ಇಷ್ಟಕ್ಕೇ ಸಾಲದು. ಇದೆಲ್ಲ ಮಾಡುವಷ್ಟರಲ್ಲಿ ಎರಡು ನಿಮಿಷ ಹೋಗಿರುತ್ತದೆ, ಆ ಎರಡು ನಿಮಿಷದಿಂದಲೇ ಸರಿಹೋಯಿತೇನೋ! ಅದಕ್ಕೇ ಅದರ ಮುಂದಿನ ಸಲ ಮುಚ್ಚಳ ಮುಟ್ಟದೆ ಎರಡು ನಿಮಿಷ ಸುಮ್ನೆ ನಿಂತೆ. ಸ್ಟಾರ್ಟ್ ಆಗಲಿಲ್ಲ. ಮುಚ್ಚಳ ತೆಗೆದು ಮತ್ತೆ ಮುಚ್ಚಿದೆ, ಸ್ಟಾರ್ಟ್ ಆಯಿತು. ಒಂದು ಸಲಕ್ಕೆ ಒಂದೇ ಪ್ರಯತ್ನ, ಅದರ ಮುಂದೆ ಏನಾಯಿತು ಅನ್ನುವುದು: ಎರಡನ್ನೂ ಬರೆದೆ. (ಮುಚ್ಚಳ ತೆಗೆಯುವಾಗ ಹತ್ತಿರ ಬೀಡಿ, ಸಿಗರೇಟು ಯಾರ ಕೈಯಲ್ಲೂ ಇರಬಾರದು.)

ಮೆಕ್ಯಾನಿಕ್ ಹತ್ತಿರ ಹೋಗುವಾಗ ಎಲ್ಲ ಪುಟ ತೋರಿಸಲಿಲ್ಲ. ಅವರ ಕೈಯಲ್ಲಿ ಎಣ್ಣೆ, ಮುಂದೆ ನಾಲ್ಕು ಗಾಡಿ. ಅರ್ಧ ಪುಟದಲ್ಲಿ ಬರೆದುಕೊಂಡು ಹೋದೆ: ಯಾವಾಗ ನಿಲ್ಲುತ್ತದೆ, ಯಾವಾಗ ನಿಲ್ಲುವುದಿಲ್ಲ, ಹೇಗೆ ನಿಲ್ಲುತ್ತದೆ, ನಾನು ಏನು ಮಾಡಿದೆ, ಈಗಾಗಲೇ ಏನು ಬದಲಾಯಿಸಿದೆ. "ಮುಚ್ಚಳದ ಗಾಳಿ ದಾರಿ ಕಟ್ಟಿರಬಹುದು" ಅನ್ನುವುದನ್ನು ಕೊನೆಗೆ, ಬೇರೆಯಾಗಿ, "ನನ್ನ ಊಹೆ" ಅಂತ ಬರೆದೆ. ಅದನ್ನೇ ಮೊದಲು ಹೇಳಿದ್ದರೆ ಅವರು ಅದೊಂದನ್ನೇ ನೋಡಿ ಕಳಿಸುತ್ತಿದ್ದರು. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ನಿಂತಾಗ ಹಾರ್ನ್, ಲೈಟ್ ಸರಿಯಾಗಿತ್ತಾ?" ನಾನು ಅದನ್ನು ನೋಡಿಯೇ ಇರಲಿಲ್ಲ. ಕರೆಂಟಿನ ತೊಂದರೆಯೋ ಪೆಟ್ರೋಲಿನದೋ ಅಂತ ಬೇರೆ ಮಾಡಲು ಅದೂ ಬೇಕು. ಈಗ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಅದನ್ನು ಬರೆದಿಟ್ಟಿದ್ದೇನೆ.

ನಿಮ್ಮದು ಫ್ಯೂಯೆಲ್ ಇಂಜೆಕ್ಷನ್ ಗಾಡಿಯಾದರೆ ಇನ್ನೊಂದು ನೋಡಬೇಕು. ನಿಂತಾಗ ಮೀಟರಿನಲ್ಲಿ ಇಂಜಿನ್ ಚಿಹ್ನೆಯ ದೀಪ ಉರಿಯುತ್ತಿತ್ತಾ, ಮಿನುಗುತ್ತಿತ್ತಾ? ಮಿನುಗಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹಲವು ಗಾಡಿಗಳಲ್ಲಿ ಎಷ್ಟು ಸಲ ಮಿನುಗಿತು ಅನ್ನುವುದರಲ್ಲೇ ತೊಂದರೆ ಎಲ್ಲಿದೆ ಅನ್ನುವ ಸೂಚನೆ ಇರುತ್ತದೆ.

ಅವತ್ತು ಅವರು ಮುಚ್ಚಳ ಬಿಚ್ಚಿ ಏರ್ ಹೊಡೆದರು. ಮಣ್ಣು ಪೆಟ್ರೋಲಿನ ಜಿಡ್ಡಿಗೆ ಅಂಟಿ ಗಟ್ಟಿಯಾಗಿ ಕೂತಿತ್ತು. ನೋಟ್‌ಬುಕ್ಕಿನ ಆ ಪುಟದ ಕೊನೆಯ ಸಾಲು: "ಕ್ಲೀನ್ ಮಾಡಿದ ಮೇಲೆ ಎರಡು ಸಲ ಫುಲ್ ಟ್ಯಾಂಕ್. ನಿಂತಿಲ್ಲ."